ಹಳೆಯ ಮ್ಯಾನೇಜರ್‌ಗೆ ಲಿಂಕ್ಡ್‌ಇನ್ ರೆಕಮೆಂಡೇಶನ್ ಕೇಳುವ ಮೆಸೇಜ್: ಏನು ಬರೆಯಬೇಕು, ಏನು ಬಿಡಬೇಕು

ಪ್ರಶ್ನೆ: ನಾನು ಪ್ರಾಡಕ್ಟ್ ಡಿಸೈನರ್. ಹಿಂದಿನ ಕಂಪನಿ ಬಿಟ್ಟು ಎರಡು ವರ್ಷ ಆಯ್ತು. ಅಲ್ಲಿ ನನ್ನ ಮ್ಯಾನೇಜರ್ ಆಗಿದ್ದ ಮೇಡಂ ಹತ್ತಿರ ಲಿಂಕ್ಡ್‌ಇನ್ ರೆಕಮೆಂಡೇಶನ್ ಕೇಳಬೇಕು. ಬೇಸರ ಏನೂ ಇಲ್ಲ, ಆದರೆ ಬಿಟ್ಟ ಮೇಲೆ ಮಾತೇ ಆಡಿಲ್ಲ. ಕೆಲಸ ಬೇಕಾದಾಗ ಮಾತ್ರ ನೆನಪಾದೆನಾ ಅಂದುಕೊಂಡರೆ ಅಂತ ಸಂಕೋಚ. ಬರೆದಿಟ್ಟಿರುವ ಮೆಸೇಜ್ ಇದು: "ನಮಸ್ತೆ ಮೇಡಂ, ಹೇಗಿದ್ದೀರಾ? ನಿಮ್ಮ ಜೊತೆ ಕೆಲಸ ಮಾಡಿದ್ದು ನನ್ನ ಭಾಗ್ಯ. ನಿಮಗೆ ಸಮಯ ಇದ್ದಾಗ ನನ್ನ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ನಾಲ್ಕು ಒಳ್ಳೆಯ ಮಾತು ಬರೆದರೆ ತುಂಬಾ ಉಪಕಾರ ಆಗುತ್ತದೆ." ಅಲ್ಲಿ ಜಾಸ್ತಿ ಮಾಡಿದ್ದು ಕ್ಲಿನಿಕ್ ಅಪಾಯಿಂಟ್‌ಮೆಂಟ್ ಬುಕಿಂಗ್ ಆ್ಯಪ್ ಕೆಲಸ. ಸಪೋರ್ಟ್ ಟೀಮ್ ಜೊತೆ ಕೂತು ಕರೆ ಕೇಳಿದ್ದೆ, ಕ್ಯಾಲೆಂಡರ್ ಇಟ್ಟು ಮಾಡಿದ ನನ್ನ ಮೊದಲ ಡಿಸೈನ್ ಟೆಸ್ಟಿಂಗ್‌ನಲ್ಲಿ ಬಿದ್ದುಹೋಗಿ ಬೇರೆಯದು ಮಾಡಿದ್ದೆ. ಇದನ್ನೆಲ್ಲ ಹೇಳೋದು ಬೇಡ ಅಲ್ವಾ? ಮೆಸೇಜ್ ಸರಿ ಇದೆಯಾ?

ಉತ್ತರ: ಬೇಡ ಅಂದುಕೊಂಡು ಕೊನೆಗೆ ಸೇರಿಸಿದ್ದೀರಲ್ಲ, ಆ ಒಂದು ಸಾಲೇ ಮೆಸೇಜ್‌ನಲ್ಲಿ ಇರಬೇಕಾದದ್ದು. ಬರೆದಿಟ್ಟ ಮೆಸೇಜ್‌ನಲ್ಲಿ ಮರ್ಯಾದೆಗೆ ಕೊರತೆ ಇಲ್ಲ. ಅದರಲ್ಲಿ ಇಲ್ಲದಿರುವುದು ಕೆಲಸದ ವಿಷಯ.

ಈ ಮೆಸೇಜ್ ಆ ಕಡೆ ತಲುಪಿದಾಗ ಏನಾಗುತ್ತದೆ ನೋಡಿ. ಮೇಡಂ ಎರಡು ಮೀಟಿಂಗ್ ನಡುವೆ ಫೋನ್ ತೆಗೆಯುತ್ತಾರೆ. ನಿಮ್ಮ ಹೆಸರು ಕಂಡು ಖುಷಿಯಾಗುತ್ತದೆ, "ಖಂಡಿತ ಬರೀತೀನಿ" ಅಂತ ಉತ್ತರಿಸುತ್ತಾರೆ. ಅದು ಸುಳ್ಳಲ್ಲ. ಸಂಜೆ ಬರೆಯಲು ಕೂತಾಗ ಖಾಲಿ ಬಾಕ್ಸ್ ಮುಂದಿದೆ. ನೀವು ಒಳ್ಳೆಯ ಡಿಸೈನರ್ ಅನ್ನುವುದು ಅವರಿಗೆ ಚೆನ್ನಾಗಿ ನೆನಪಿದೆ. ಆದರೆ ಯಾವ ಕೆಲಸ, ಯಾವ ತಿಂಗಳು, ಏನು ಮಾಡಿದ್ದೀರಿ ಅಂದರೆ ಎರಡು ವರ್ಷದಲ್ಲಿ ಅವರ ತಲೆಯ ಮೇಲೆ ಇನ್ನೆಷ್ಟೋ ಪ್ರಾಜೆಕ್ಟ್ ಹಾದುಹೋಗಿವೆ. ನಾಳೆ ನೋಡೋಣ ಅಂತ ಮುಚ್ಚುತ್ತಾರೆ. ಆ ನಾಳೆ ಬರುವುದಿಲ್ಲ. ಬಂದರೂ ಹೀಗೆ ಬರುತ್ತದೆ:

> "ಇವರು ತುಂಬಾ ಶ್ರಮಜೀವಿ, ಸೃಜನಶೀಲ ಡಿಸೈನರ್, ಒಳ್ಳೆಯ ಟೀಮ್ ಪ್ಲೇಯರ್. ಯಾವ ಸಂಸ್ಥೆಗೆ ಸೇರಿದರೂ ಅದಕ್ಕೆ ಆಸ್ತಿ."

ಇದರಲ್ಲಿ ಡಿಸೈನರ್ ಅನ್ನುವ ಕಡೆ ಅಕೌಂಟೆಂಟ್ ಅಂತ ಹಾಕಿ ಓದಿ. ಏನೂ ಬದಲಾಗಲ್ಲ. ಡಿಸೈನರ್‌ಗಳನ್ನು ಆಯ್ಕೆ ಮಾಡುವ ಕಡೆ ನಾನು ಕೂರುತ್ತೇನೆ, ಇಂಥದ್ದು ಕಂಡರೆ ಕಣ್ಣು ನಿಲ್ಲುವುದೇ ಇಲ್ಲ. ಬರೆದವರ ತಪ್ಪು ಅಂತಲೂ ಅನಿಸುವುದಿಲ್ಲ, ಅವರಿಗೆ ಸಿಕ್ಕಿದ ಸಾಮಗ್ರಿಯೇ ಅಷ್ಟು.

ಹಾಗಾದರೆ ಡಿಸೈನರ್ ಪ್ರೊಫೈಲ್‌ನಲ್ಲಿ ರೆಕಮೆಂಡೇಶನ್ ಯಾವ ಕೆಲಸಕ್ಕೆ ಬರಬೇಕು? ಇಲ್ಲಿ ಸ್ವಲ್ಪ ನಿಲ್ಲೋಣ, ಏನು ಕೇಳಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ನಿಮ್ಮ ಪೋರ್ಟ್‌ಫೋಲಿಯೋ ಈಗಾಗಲೇ ಸ್ಕ್ರೀನ್‌ಗಳನ್ನು ತೋರಿಸುತ್ತದೆ. ಅಂದ ಚೆಂದ, ಅಕ್ಷರ, ಬಣ್ಣ ಎಲ್ಲ ಅಲ್ಲೇ ಕಾಣುತ್ತದೆ, ಅದನ್ನು ಮ್ಯಾನೇಜರ್ ಬಾಯಲ್ಲಿ ಕೇಳಬೇಕಿಲ್ಲ. ಪೋರ್ಟ್‌ಫೋಲಿಯೋ ನೋಡಿದವರ ಮನಸ್ಸಲ್ಲಿ ಉಳಿಯುವ ಅನುಮಾನವೇ ಬೇರೆ. ಇದರಲ್ಲಿ ಇವರ ಕೈ ಎಷ್ಟು, ಟೀಮಿನದ್ದೆಷ್ಟು? ರಿವ್ಯೂನಲ್ಲಿ ಯಾರಾದರೂ ಇದು ಸರಿಯಿಲ್ಲ ಅಂದಾಗ ಇವರು ಮುಖ ಗಂಟಿಕ್ಕಿಕೊಳ್ಳುತ್ತಾರಾ, ಕೇಳಿಸಿಕೊಳ್ಳುತ್ತಾರಾ? ಇಂಜಿನಿಯರ್‌ಗಳು "ಇದು ಈ ರಿಲೀಸ್‌ನಲ್ಲಿ ಆಗಲ್ಲ" ಅಂದಾಗ ಏನು ಮಾಡುತ್ತಾರೆ? ಕೇಸ್ ಸ್ಟಡಿಯಲ್ಲಿ ರಿಸರ್ಚ್ ಅಂತ ಬರೆದಿದ್ದಾರೆ, ನಿಜವಾಗಲೂ ಮಾಡಿದರಾ, ಆಮೇಲೆ ಸೇರಿಸಿದರಾ? (ಆಮೇಲೆ ಸೇರಿಸುವವರು ಇದ್ದಾರೆ, ಕಡಿಮೆ ಏನಿಲ್ಲ.)

ಈ ಪ್ರಶ್ನೆಗಳಿಗೆ ನೀವೇ ಉತ್ತರ ಕೊಟ್ಟುಕೊಂಡರೆ ನಂಬಬಹುದು, ನಂಬದೆಯೂ ಇರಬಹುದು. ಪಕ್ಕದಲ್ಲಿ ಕೂತು ನೋಡಿದವರು ಹೇಳಿದರೆ ತೂಕ ಬೇರೆ. ಆ ಜಾಗದಲ್ಲಿ ಇದ್ದವರು ಮೇಡಂ. ಅದಕ್ಕೇ ಅವರ ಹತ್ತಿರ "ನಾಲ್ಕು ಒಳ್ಳೆಯ ಮಾತು" ಕೇಳಬೇಡಿ. ಅವರು ಕಣ್ಣಾರೆ ಕಂಡ ಒಂದು ಘಟನೆ ಬರೆಯಲು ಕೇಳಿ. ನಿಮ್ಮ ಮೊದಲ ಡಿಸೈನ್ ಟೆಸ್ಟಿಂಗ್‌ನಲ್ಲಿ ಬಿದ್ದದ್ದು ಮುಚ್ಚಿಡುವ ವಿಷಯವೇ ಅಲ್ಲ. ತನ್ನ ಕೈಯಾರೆ ಮಾಡಿದ್ದನ್ನು ಜನ ಬಳಸಲಾಗದೆ ಒದ್ದಾಡುವಾಗ ನೋಡಿ, ಅದನ್ನು ಬದಿಗಿಟ್ಟು ಬೇರೆ ಮಾಡಿದ ಡಿಸೈನರ್ ಅಂದರೆ ಮೇಲಿನ ಅನುಮಾನಗಳಲ್ಲಿ ಎರಡು ಮೂರು ಒಂದೇ ಸಲ ಹೋಗುತ್ತವೆ.

ಕಳಿಸುವ ಮುಂಚೆ ಒಂದು ಸಣ್ಣ ಕೆಲಸ. ಆ ಪ್ರಾಜೆಕ್ಟ್‌ನ ವಿವರ ನಿಮಗೇ ಸರಿಯಾಗಿ ನೆನಪಿದೆಯಾ ನೋಡಿಕೊಳ್ಳಿ. ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಬರೆದದ್ದು, ಅಪ್ರೈಸಲ್‌ಗೆ ನೀವೇ ಬರೆದ ಟಿಪ್ಪಣಿ, ಇಷ್ಟು ತೆಗೆದು ಓದಿದರೆ ಸಾಕು. ಕಂಪನಿ ಒಳಗಿನ ಫೈಲ್, ಸ್ಕ್ರೀನ್‌ಶಾಟ್, ಅಂಕಿ ಅಂಶ ಇನ್ನೂ ನಿಮ್ಮ ಬಳಿ ಇದ್ದರೆ ಅವನ್ನು ಈ ಮೆಸೇಜ್‌ಗೆ ತರಬೇಡಿ. ಬುಕಿಂಗ್ ಇಷ್ಟು ಪರ್ಸೆಂಟ್ ಏರಿತು ಅಂತ ಬರೆದುಕೊಡಿ ಅನ್ನುವುದೂ ಬೇಡ. ಅದು ಹೊರಗೆ ಹೇಳಬಾರದ ಸಂಖ್ಯೆ ಆಗಿರಬಹುದು, ಸಾರ್ವಜನಿಕವಾಗಿ ತನ್ನ ಹೆಸರಲ್ಲಿ ಹಾಕಲು ಅವರು ಹಿಂಜರಿಯುತ್ತಾರೆ, ಅಲ್ಲಿಗೆ ಬರವಣಿಗೆ ನಿಂತಿತು. ಘಟನೆ ಹೇಳಲು ಸಂಖ್ಯೆ ಬೇಕಾಗಿಲ್ಲ.

ಈಗ ಮೆಸೇಜ್. ನಾನಾದರೆ ಹೀಗೆ ಬರೆಯುತ್ತೇನೆ. ಲಾಗಿನ್ ವಿವರ, ಪಟ್ಟಿಯ ವಿವರ ನನ್ನ ಊಹೆ, ನಿಜವಾಗಿ ಆದದ್ದನ್ನು ನೀವು ಹಾಕಿಕೊಳ್ಳಿ:

> "ಮೇಡಂ, ನಮಸ್ಕಾರ. ಮಾತಾಡಿ ತುಂಬಾ ದಿನ ಆಯ್ತು. ಒಂದು ಸಹಾಯ ಕೇಳಲು ಬರೆಯುತ್ತಿದ್ದೇನೆ.
>
> ಈಗ ಹೊಸ ಕೆಲಸ ಹುಡುಕುತ್ತಿದ್ದೇನೆ, ಡಿಸೈನ್ ಜೊತೆ ಯೂಸರ್ ರಿಸರ್ಚ್ ಕೂಡ ಮಾಡುವಂಥದ್ದು. ನನಗೆ ಲಿಂಕ್ಡ್‌ಇನ್‌ನಲ್ಲಿ ಒಂದು ರೆಕಮೆಂಡೇಶನ್ ಬರೆದುಕೊಡಲು ಆಗುತ್ತಾ?
>
> ಬುಕಿಂಗ್ ಫಾರ್ಮ್ ಬದಲಿಸಿದ ಕೆಲಸದ ಬಗ್ಗೆ ಬರೆದರೆ ನನಗೆ ಜಾಸ್ತಿ ಉಪಯೋಗ. ನೆನಪಿಗೆ ಅಂತ ಹೇಳುತ್ತೇನೆ: ಸಪೋರ್ಟ್ ಟೀಮ್ ಜೊತೆ ಕೂತು ಕರೆ ಕೇಳಿದಾಗ, ಜನ ಸಮಯ ಆರಿಸುವ ಮುಂಚೆ ಲಾಗಿನ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರು ಅಂತ ಗೊತ್ತಾಗಿತ್ತು. ಕ್ಯಾಲೆಂಡರ್ ಇಟ್ಟು ಮಾಡಿದ ನನ್ನ ಮೊದಲ ಡಿಸೈನ್ ಟೆಸ್ಟಿಂಗ್‌ನಲ್ಲಿ ನಿಲ್ಲಲಿಲ್ಲ. ಅದನ್ನು ಬಿಟ್ಟು, ಖಾಲಿ ಇರುವ ಸಮಯ ಮೊದಲು ತೋರಿಸಿ ಫೋನ್ ನಂಬರ್ ಆಮೇಲೆ ಕೇಳುವ ಪಟ್ಟಿ ಮಾಡಿದೆ. ನೀವು ಕಂಡದ್ದು ಹೀಗೇ ಇದ್ದರೆ ಬರೆಯಿರಿ. ಬೇರೆ ಏನಾದರೂ ಜಾಸ್ತಿ ನೆನಪಿದ್ದರೆ ಅದೇ ಇರಲಿ.
>
> ನಾಲ್ಕೈದು ಸಾಲು ಸಾಕು, ಈ ತಿಂಗಳ ಕೊನೆಯೊಳಗೆ ಆದರೆ ಅನುಕೂಲ. ಕಂಪನಿ ನಿಯಮ ಅಂತಲೋ ಸಮಯ ಇಲ್ಲ ಅಂತಲೋ ಆಗದಿದ್ದರೆ ಹಾಗೇ ಹೇಳಿಬಿಡಿ, ನಾನು ಏನೂ ಅಂದುಕೊಳ್ಳುವುದಿಲ್ಲ. ಆಗುತ್ತೆ ಅಂದರೆ ಲಿಂಕ್ಡ್‌ಇನ್‌ನಿಂದ ರಿಕ್ವೆಸ್ಟ್ ಕಳಿಸುತ್ತೇನೆ."

ನಿಮ್ಮದಕ್ಕಿಂತ ಉದ್ದ ಆಯಿತು, ನಿಜ. ಆದರೆ ಓದುವವರಿಗೆ ಕೆಲಸ ಕಡಿಮೆಯಾಯಿತು. ಎರಡು ವರ್ಷದ ಮೌನದ ಬಗ್ಗೆ ಒಂದೇ ಸಣ್ಣ ವಾಕ್ಯ ಇದೆ, ಅಷ್ಟೇ ಸಾಕು. "ಹೇಗಿದ್ದೀರಾ, ಮನೆಯಲ್ಲಿ ಎಲ್ಲ ಕ್ಷೇಮವಾ" ಅಂತ ಮೊದಲು ಕಳಿಸಿ, ಉತ್ತರ ಬಂದ ಮೇಲೆ ಎರಡನೇ ದಿನ ಮೆಲ್ಲಗೆ ವಿಷಯಕ್ಕೆ ಬರುವವರಿದ್ದಾರೆ. ಅದು ಇನ್ನೂ ಮುಜುಗರ. ಕೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ ಹಾಕಿದರಾ ಅಂತ ಆಮೇಲೆ ಅನಿಸುತ್ತದೆ. ನೇರವಾಗಿ ಕೇಳಿದರೆ ಸಾಮಾನ್ಯವಾಗಿ ಮ್ಯಾನೇಜರ್‌ಗಳು ಬೇಸರ ಮಾಡಿಕೊಳ್ಳುವುದಿಲ್ಲ, ಹಳೆಯ ಟೀಮಿನವರು ಹೀಗೆ ಕೇಳುವುದು ಅವರಿಗೆ ಹೊಸದೂ ಅಲ್ಲ.

"ಭಾಗ್ಯ", "ಉಪಕಾರ" ತೆಗೆದಿದ್ದೇನೆ. ಅವು ಬಂದರೆ ಇಲ್ಲ ಅನ್ನಲು ಅವರಿಗೆ ಕಷ್ಟ. ಇಲ್ಲ ಅನ್ನಲು ಕಷ್ಟವಾದಾಗ ಜನ ಹೂಂ ಅಂದು ಸುಮ್ಮನಾಗುತ್ತಾರೆ, ನೀವು ಕಾಯುತ್ತಾ ಕೂರುತ್ತೀರಿ. "ಸಮಯ ಇದ್ದಾಗ" ಅನ್ನುವುದೂ ಹಾಗೇ. ಸಮಯ ಯಾರಿಗೂ ಇರುವುದಿಲ್ಲ, ಅದಕ್ಕೇ ತಿಂಗಳ ಕೊನೆ ಅಂತ ಹಾಕಿದ್ದು. ಇನ್ನು ಕಂಪನಿ ನಿಯಮದ ಮಾತು ಸುಮ್ನೆ ನೆಪ ಅಲ್ಲ. ಕೆಲವು ಕಂಪನಿಗಳಲ್ಲಿ ಮ್ಯಾನೇಜರ್‌ಗಳು ಹಳೆಯ ಸಿಬ್ಬಂದಿ ಬಗ್ಗೆ ಬರಹದಲ್ಲಿ ಅಭಿಪ್ರಾಯ ಕೊಡಬಾರದು, ಕೇಳಿದರೆ ಎಚ್‌ಆರ್ ಕಡೆ ಕಳಿಸಬೇಕು ಅಂತ ಇರುತ್ತದೆ. ಮೇಡಂ ಇನ್ನೂ ಅಲ್ಲೇ ಇದ್ದರೆ ಆ ಬಾಗಿಲನ್ನು ನೀವೇ ತೆರೆದಿಟ್ಟಿರುವುದು ಒಳ್ಳೆಯದು. ಹಾಗೇನಾದರೂ ಅಂದರೆ, "ಪರವಾಗಿಲ್ಲ ಮೇಡಂ, ಮುಂದೆ ಯಾರಾದರೂ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಬೇಕು ಅಂದರೆ ನಿಮ್ಮ ಹೆಸರು ಕೊಡಬಹುದಾ?" ಅಂತ ಕೇಳಿ. ಬಹಳಷ್ಟು ಸಲ ಆ ಕರೆಯೇ ಬರಹಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಆದರೆ ಅದಕ್ಕೂ ಅದೇ ನಿಯಮ ಅಡ್ಡ ಬರಬಹುದು, ಒತ್ತಾಯ ಬೇಡ.

ಮೆಸೇಜ್‌ನ ಮೂರನೇ ಪ್ಯಾರಾದ ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಬಿಡಬೇಡಿ. ನೀವು ಹೇಳಿದ್ದನ್ನು ಅವರು ಒಪ್ಪಲೇಬೇಕು ಅನ್ನುವ ಹಾಗೆ ಇರಬಾರದು. ಸಹಿ ಅವರದು, ಮಾತೂ ಅವರದೇ ಆಗಿರಬೇಕು. ಎಷ್ಟೋ ಸಲ ಮ್ಯಾನೇಜರ್‌ಗೆ ನಿಮಗಿಂತ ಒಳ್ಳೆಯದೇ ನೆನಪಿರುತ್ತದೆ, ನೀವು ಮರೆತ ಯಾವುದೋ ರಿವ್ಯೂ ಮೀಟಿಂಗ್ ಅವರ ತಲೆಯಲ್ಲಿ ಕೂತಿರುತ್ತದೆ.

ಇದನ್ನು ಎಲ್ಲಿಗೆ ಕಳಿಸಬೇಕು? ಮೊದಲು ನೀವಿಬ್ಬರೂ ಮಾತಾಡುತ್ತಿದ್ದ ಕಡೆಗೆ. ವಾಟ್ಸಾಪ್ ಆದರೆ ವಾಟ್ಸಾಪ್, ಇಮೇಲ್ ಆದರೆ ಅವರ ವೈಯಕ್ತಿಕ ಇಮೇಲ್. ಕಂಪನಿ ಇಮೇಲ್‌ಗೆ ಬೇಡ. ಲಿಂಕ್ಡ್‌ಇನ್ ರಿಕ್ವೆಸ್ಟ್ ಅವರು ಹೂಂ ಅಂದ ಮೇಲೆ. ಮುಂಚೆಯೇ ಕಳಿಸಿದರೆ ಅದು ಇನ್ನೊಂದು ನೋಟಿಫಿಕೇಶನ್ ಆಗಿ ಕೆಳಗೆ ಹೋಗುತ್ತದೆ.

ಹೂಂ ಅಂದ ಮೇಲೆ ಅವರ ಪ್ರೊಫೈಲ್‌ಗೆ ಹೋಗಿ More ಒತ್ತಿದರೆ Request a recommendation ಸಿಗುತ್ತದೆ. ಅವರು ನಿಮ್ಮ ನೇರ ಕನೆಕ್ಷನ್ ಆಗಿರಬೇಕು, ಇಲ್ಲದಿದ್ದರೆ ಮೊದಲು ಕನೆಕ್ಟ್ ಆಗಿ. ಅಲ್ಲಿ ಎರಡು ಪ್ರಶ್ನೆ ಬರುತ್ತವೆ: ಇವರು ನಿಮಗೆ ಹೇಗೆ ಪರಿಚಯ, ಆಗ ನೀವು ಯಾವ ಹುದ್ದೆಯಲ್ಲಿದ್ದಿರಿ. ಆತುರದಲ್ಲಿ ಇಲ್ಲೇ ಎಡವುವುದು. ಹುದ್ದೆಯ ಜಾಗದಲ್ಲಿ ಈಗಿನ ಕಂಪನಿ ಆರಿಸಿದರೆ, ಮೇಡಂ ಬರೆದದ್ದು ನೀವು ಅವರ ಕೈಕೆಳಗೆ ಕೆಲಸವೇ ಮಾಡದ ಹುದ್ದೆಗೆ ಅಂಟಿಕೊಳ್ಳುತ್ತದೆ. ಸಂಬಂಧದ ಜಾಗದಲ್ಲಿ ಅವರು ನಿಮ್ಮ ನೇರ ಮ್ಯಾನೇಜರ್ ಆಗಿದ್ದರು ಅನ್ನುವುದನ್ನೇ ಆರಿಸಿ, ಒಂದೇ ಟೀಮ್‌ನಲ್ಲಿದ್ದೆವು ಅನ್ನುವುದನ್ನಲ್ಲ. ಈ ಸಂಬಂಧ ಬರಹದ ಜೊತೆಯಲ್ಲೇ ಪ್ರೊಫೈಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ನನ್ನಂಥವರು ಬರಹಕ್ಕಿಂತ ಮೊದಲು ನೋಡುವುದೂ ಅದನ್ನೇ. ಆಮೇಲೆ ಮೆಸೇಜ್ ಬಾಕ್ಸ್‌ನಲ್ಲಿ ಲಿಂಕ್ಡ್‌ಇನ್ ತಾನೇ ಹಾಕಿದ ಒಂದು ವಾಕ್ಯ ಇರುತ್ತದೆ. ಅದನ್ನು ಅಳಿಸಿ, ಮೇಲಿನ ಮೆಸೇಜ್‌ನ ಬುಕಿಂಗ್ ಫಾರ್ಮ್ ಪ್ಯಾರಾ ಮಾತ್ರ ಅಂಟಿಸಿ. ಅವರು ಬರೆಯಲು ಕೂತಾಗ ನೆನಪಿನ ಟಿಪ್ಪಣಿ ಕಣ್ಣೆದುರೇ ಇರುತ್ತದೆ, ವಾಟ್ಸಾಪ್‌ನಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ.

ಇನ್ನೊಂದು ಸಾಧ್ಯತೆಗೆ ತಯಾರಾಗಿರಿ, ಯಾಕಂದರೆ ಇದು ಬರುವ ಸಾಧ್ಯತೆಯೇ ಜಾಸ್ತಿ. "ಅಯ್ಯೋ, ನೀನೇ ಬರೆದು ಕಳಿಸಮ್ಮ, ನಾನು ಹಾಕಿಬಿಡ್ತೀನಿ" ಅನ್ನುತ್ತಾರೆ. ಇದರಲ್ಲಿ ಅಸಡ್ಡೆ ಹುಡುಕಬೇಡಿ, ಸಮಯ ಇಲ್ಲ ಅಷ್ಟೇ. ಆಗ ತನ್ನನ್ನು ತಾನು ಹೊಗಳಿಕೊಂಡು ಬರೆಯುವುದು ಹೇಗೆ ಅಂತ ಕೈ ನಡುಗುತ್ತದೆ, ಕೊನೆಗೆ ಶ್ರಮಜೀವಿ, ಸೃಜನಶೀಲ ಅಂತಲೇ ಬಂದು ನಿಲ್ಲುತ್ತೀರಿ. ಇಲ್ಲಿ ಒಂದೇ ದಾರಿ: ನಡೆದದ್ದನ್ನು ಮಾತ್ರ ಬರೆಯಿರಿ, ಅಭಿಪ್ರಾಯದ ಜಾಗ ಖಾಲಿ ಬಿಡಿ.

> "ಬುಕಿಂಗ್ ಆ್ಯಪ್ ಕೆಲಸದಲ್ಲಿ ಇವರು ನನ್ನ ಟೀಮ್‌ನಲ್ಲಿದ್ದರು. ಫಾರ್ಮ್ ಬದಲಿಸುವ ಮೊದಲು ಸಪೋರ್ಟ್ ಟೀಮ್ ಜೊತೆ ಕೂತು ಕರೆಗಳನ್ನು ಕೇಳಿದರು. ತಾವು ಮಾಡಿದ ಮೊದಲ ಡಿಸೈನ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡದಿದ್ದಾಗ ಅದನ್ನು ಸಮರ್ಥಿಸಿಕೊಳ್ಳಲಿಲ್ಲ, ಯಾಕೆ ಬಿತ್ತು ಅಂತ ಟೀಮ್‌ಗೆ ವಿವರಿಸಿ ಇನ್ನೂ ಸರಳವಾದದ್ದನ್ನು ತಂದರು. [ಇಲ್ಲಿ ನಿಮಗೆ ಅನಿಸಿದ್ದು ಒಂದು ಸಾಲು, ಮೇಡಂ.]"

ಆ ಖಾಲಿ ಸಾಲನ್ನು ಅವರು ತುಂಬಿದಾಗ ಇಡೀ ಬರಹ ಅವರದ್ದಾಗುತ್ತದೆ. ಇದನ್ನು ಬರೆಯುವಾಗ ಅವರು ಮಾತಾಡುವ ರೀತಿಯಲ್ಲೇ ಇರಲಿ. ಅವರು ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳುವವರಾದರೆ ನೀವು ದೊಡ್ಡ ದೊಡ್ಡ ಪದ ಹಾಕಿದರೆ ಎದ್ದು ಕಾಣುತ್ತದೆ. ಮುಖ್ಯವಾಗಿ, ಇದೇ ಕರಡನ್ನು ಇನ್ನೊಬ್ಬ ಹಳೆಯ ಸಹೋದ್ಯೋಗಿಗೂ ಕೊಡಬೇಡಿ. ಒಂದೇ ಪ್ರೊಫೈಲ್‌ನಲ್ಲಿ ಇಬ್ಬರ ಮಾತು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದರೆ ಓದುವವರು ಎರಡನ್ನೂ ಬಿಟ್ಟುಬಿಡುತ್ತಾರೆ. ಇಂಜಿನಿಯರ್ ಒಬ್ಬರ ಹತ್ತಿರ ಕೇಳುವುದಾದರೆ ಬೇರೆಯದೇ ಕೇಳಿ: ಅವರು ಹ್ಯಾಂಡ್ಆಫ್ ಬಗ್ಗೆ ಹೇಳಲಿ, ಖಾಲಿ ಸ್ಥಿತಿ, ಎರರ್ ಬಂದಾಗ ಏನು ತೋರಿಸಬೇಕು ಅಂತೆಲ್ಲ ಫೈಲಿನಲ್ಲಿ ಮುಂಚೆಯೇ ಇರುತ್ತಿತ್ತಾ ಇಲ್ಲವಾ ಅನ್ನುವುದನ್ನು ಹೇಳಲು ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ: "ಮೇಡಂ, ರೆಕಮೆಂಡೇಶನ್ ವಿಷಯ ನೆನಪಿಸೋಣ ಅಂತ ಬರೆದೆ. ಆಗಲ್ಲ ಅಂದರೂ ಪರವಾಗಿಲ್ಲ." ಅದಕ್ಕೂ ಸದ್ದಿಲ್ಲ ಅಂದರೆ ಅಲ್ಲಿಗೆ ಬಿಡಿ. ಮೂರನೇ ಸಲ ಕೇಳಿ ಪಡೆದದ್ದು ಹೇಗಿರುತ್ತದೆ ಅಂತ ಊಹಿಸಬಹುದು.

ಬಂತು ಅಂದುಕೊಳ್ಳಿ. ಅದು ತಾನಾಗೇ ಪ್ರೊಫೈಲ್‌ಗೆ ಏರುವುದಿಲ್ಲ, ನೀವು ಓದಿ Add to profile ಒತ್ತಿದ ಮೇಲೆಯೇ ಕಾಣುವುದು. ಆತುರ ಬೇಡ, ನಿಧಾನಕ್ಕೆ ಓದಿ. ನಿಮ್ಮ ಹೆಸರಿನ ಸ್ಪೆಲಿಂಗ್, ಹುದ್ದೆಯ ಹೆಸರು, ಮಾಡದ ಕೆಲಸ ಏನಾದರೂ ನಿಮ್ಮ ಲೆಕ್ಕಕ್ಕೆ ಸೇರಿದೆಯಾ ನೋಡಿ. ಈ ಕೊನೆಯದ್ದನ್ನು ಜನ ಖುಷಿಯಿಂದ ಬಿಟ್ಟುಬಿಡುತ್ತಾರೆ. "ಇಡೀ ಡಿಸೈನ್ ಸಿಸ್ಟಮ್ ಒಬ್ಬರೇ ಕಟ್ಟಿದರು" ಅಂತ ಮೇಡಂ ಪ್ರೀತಿಯಿಂದ ಬರೆದಿರುತ್ತಾರೆ, ನಿಜದಲ್ಲಿ ಮೂರು ಜನ ಸೇರಿ ಕಟ್ಟಿರುತ್ತೀರಿ. ಉಳಿದಿಬ್ಬರೂ ಲಿಂಕ್ಡ್‌ಇನ್‌ನಲ್ಲೇ ಇದ್ದಾರೆ. ಇಂಟರ್‌ವ್ಯೂನಲ್ಲಿ ನಾನು ಆ ಸಾಲನ್ನೇ ಹಿಡಿದು ಕೇಳುತ್ತೇನೆ, ಆಗ ನೀವು ತಡವರಿಸಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಬರಹವನ್ನು ನೀವು ತಿದ್ದಲು ಆಗುವುದಿಲ್ಲ, ತಿದ್ದಿಕೊಡಿ ಅಂತ ಅವರಿಗೇ ವಾಪಸ್ ಕಳಿಸಬಹುದು. ಬರೀ ತಿದ್ದಿ ಅನ್ನಬೇಡಿ, ಯಾವ ಪದ ಏನಾಗಬೇಕು ಅಂತ ಹೇಳಿ: "ಒಬ್ಬರೇ ಅನ್ನುವ ಕಡೆ ನಮ್ಮ ಟೀಮ್ ಜೊತೆ ಅಂತ ಮಾಡಿದರೆ ಸರಿಯಾಗುತ್ತೆ ಮೇಡಂ." ಬರಹ ಚೆನ್ನಾಗಿಲ್ಲ, ತುಂಬಾ ಸಾಮಾನ್ಯವಾಗಿದೆ ಅನ್ನುವ ಕಾರಣಕ್ಕೆ ವಾಪಸ್ ಕಳಿಸುವುದು ಮಾತ್ರ ಬೇಡ. ಹಾಗಿದ್ದರೆ ಥ್ಯಾಂಕ್ಸ್ ಹೇಳಿ ಹಾಕಿಕೊಳ್ಳಿ, ಅಥವಾ ಹಾಕದೆ ಸುಮ್ಮನಿರಿ.

ಕೊನೆಯದಾಗಿ ಸಮಯದ ವಿಷಯ. ಪ್ರತಿ ರೆಕಮೆಂಡೇಶನ್ ಪಕ್ಕದಲ್ಲೂ ಬರೆದ ದಿನಾಂಕ ಕಾಣುತ್ತದೆ. ಒಂದೇ ವಾರದಲ್ಲಿ ನಾಲ್ಕು ಜನರದ್ದು ಬಂದು ಕೂತರೆ ಈಗಿನ ಆಫೀಸಿನವರಿಗೂ ಅರ್ಥವಾಗುತ್ತದೆ, ನೀವು ಹೊರಡುತ್ತಿದ್ದೀರಿ ಅಂತ. ನೀವು ಕೆಲಸ ಹುಡುಕುವುದು ಅಲ್ಲಿ ಗೊತ್ತಾಗಬಾರದು ಅಂದರೆ ಮೇಡಂಗೆ ಕಳಿಸುವ ಮೆಸೇಜ್‌ನಲ್ಲೂ ಎರಡನೇ ಪ್ಯಾರಾ ಬದಲಿಸಿ, "ಪ್ರೊಫೈಲ್ ಸರಿಮಾಡಿಕೊಳ್ಳುತ್ತಿದ್ದೇನೆ, ರಿಸರ್ಚ್ ಕಡೆ ಮಾಡಿದ ಕೆಲಸ ಕಾಣಲಿ ಅಂತ" ಅಂದರೆ ಸಾಕು, ಅದೂ ನಿಜವೇ. ಈಗ ಮೇಡಂ ಒಬ್ಬರಿಗೆ ಕಳಿಸಿ, ಇಂಜಿನಿಯರ್‌ಗೆ ಮುಂದಿನ ತಿಂಗಳು ಕೇಳಿ.